ಹೋಲಿಕೆ ವರದಿಗೆ ಸಿಗದ 120 ಮನೆಗಳು: ಸ್ವಂತ ಬರಹದ ಮರುಬಳಕೆಯ ಒಂದು ಪ್ರಕರಣ

ಕೋಲಾರ ಜಿಲ್ಲೆಯಲ್ಲಿ ಕೆರೆ ಮತ್ತು ಕೊಳವೆಬಾವಿಯನ್ನು ನಂಬಿ ಬದುಕುವ ರೈತ ಕುಟುಂಬಗಳ ಕುರಿತ ಪಿಎಚ್‌.ಡಿ ಮಹಾಪ್ರಬಂಧವೊಂದು 2023ರ ಆರಂಭದಲ್ಲಿ ಸಲ್ಲಿಕೆಗೆ ಸಿದ್ಧವಾಗಿತ್ತು. ಕೊಲೋಕ್ವಿಯಂ ಮುಗಿದಿತ್ತು, ಬೈಂಡಿಂಗ್ ಅಂಗಡಿಗೆ ಮಾತು ಕೊಟ್ಟಾಗಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೃತಿಚೌರ್ಯ ಪತ್ತೆ ತಂತ್ರಾಂಶಕ್ಕೆ ಹಾಕಿದಾಗ ಹೋಲಿಕೆಯ ಪ್ರಮಾಣ ಶೇ 34 ಎಂದು ವರದಿ ಬಂತು. ಸಂಶೋಧಕಿ ಯಾರ ಬರಹವನ್ನೂ ಕದ್ದಿರಲಿಲ್ಲ. ವರದಿಯಲ್ಲಿ ಬಣ್ಣ ಬಳಿದುಕೊಂಡಿದ್ದ ಪುಟಗಳಲ್ಲಿ ಹೆಚ್ಚಿನವು ಆಕೆಯೇ ಹಿಂದೆ ಬರೆದವು.

ಸಂಶೋಧನಾ ನೀತಿಯ ತರಗತಿಗಾಗಿ ಕಟ್ಟಿದ ಪ್ರಕರಣ ಇದು. ಸಂಶೋಧಕಿ, ಮಾರ್ಗದರ್ಶಕರು, ಸಮೀಕ್ಷೆಯ ಅಂಕಿಗಳು ಯಾವುದೋ ಒಂದು ವಿಭಾಗದ್ದಲ್ಲ, ಹಲವು ಕಡೆ ಮತ್ತೆ ಮತ್ತೆ ನಡೆಯುವುದನ್ನು ಒಂದೆಡೆ ತಂದದ್ದು. ನಿಯಮಗಳು ಮತ್ತು ಕೋಲಾರದ ನೀರಿನ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ.

ಶೇ 34ರ ಒಳಗೆ ಏನಿತ್ತು

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ ಹೋಲಿಕೆಯನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸುತ್ತದೆ. ಶೇ 10ರವರೆಗಿನದು ಸೊನ್ನೆ ಹಂತ, ದಂಡನೆ ಇಲ್ಲ. ಶೇ 10ರಿಂದ 40ರವರೆಗಿನ ಮಹಾಪ್ರಬಂಧವನ್ನು ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಮತ್ತೆ ಕೊಡಬೇಕು. ಶೇ 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ 60 ದಾಟಿದರೆ ನೋಂದಣಿಯೇ ರದ್ದು. ಅಂದರೆ ನಮ್ಮ ಸಂಶೋಧಕಿ ಒಂದನೇ ಹಂತದಲ್ಲಿದ್ದರು. ಕಚೇರಿಯ ಭಾಷೆಯಲ್ಲಿ ಇದು ದೊಡ್ಡ ಆಪತ್ತಲ್ಲ, ಆರು ತಿಂಗಳ ತಡ ಅಷ್ಟೆ. ಆದರೆ ಫೆಲೋಶಿಪ್ ಮುಗಿದು, ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತ, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಜಿಗೆ ಪಿಎಚ್‌.ಡಿ ಪ್ರಮಾಣಪತ್ರಕ್ಕಾಗಿ ಕಾಯುತ್ತಿರುವವರಿಗೆ ಆರು ತಿಂಗಳು ಎಂದರೆ ಏನೆಂದು ಹೇಳಬೇಕಾಗಿಲ್ಲ.

ವರದಿಯ ಮೊದಲ ಪುಟದ ಅಂಕಿ ನೋಡಿ ಗಾಬರಿಯಾಗುವವರು ಕೊನೆಯ ಪುಟಗಳ ಮೂಲಪಟ್ಟಿಯನ್ನು ಓದುವುದಿಲ್ಲ. ಓದಬೇಕಾದದ್ದು ಅದನ್ನೇ. ಈ ವರದಿಯ ಶೇ 34ರಲ್ಲಿ 21ರಷ್ಟು ಬಂದದ್ದು ಆಕೆ ಮಾರ್ಗದರ್ಶಕರೊಂದಿಗೆ ಸೇರಿ 2021ರಲ್ಲಿ ಪ್ರಕಟಿಸಿದ್ದ ಒಂದೇ ಲೇಖನದಿಂದ. 6ರಷ್ಟು ಬಂದದ್ದು ಹೆಸರಿಲ್ಲದ ಒಂದು 'ವಿದ್ಯಾರ್ಥಿ ಕಡತ'ದಿಂದ. ಹುಡುಕಿದಾಗ ಅದು ಆಕೆಯ ಎರಡನೇ ಅಧ್ಯಾಯದ ಕರಡೇ ಎಂದು ತಿಳಿಯಿತು. ಹಿಂದಿನ ವರ್ಷ ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಸುಮ್ಮನೆ ಪರೀಕ್ಷಿಸಿ ನೋಡಲು ಹಾಕಿಸಿದ್ದ ಪ್ರತಿ ತಂತ್ರಾಂಶದ ಸಂಗ್ರಹದಲ್ಲಿ ಉಳಿದುಕೊಂಡಿತ್ತು, ಈಗ ತನಗೆ ತಾನೇ ಹೋಲುತ್ತಿತ್ತು. ಕರಡನ್ನು ಪರೀಕ್ಷಿಸುವಾಗ 'ಸಂಗ್ರಹದಲ್ಲಿ ಸೇರಿಸಬೇಡ' ಎಂಬ ಆಯ್ಕೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕಾದದ್ದು ಇದಕ್ಕೇ. ಉಳಿದ 7ರಷ್ಟು ಚೂರುಪಾರು: ಸರ್ಕಾರಿ ಯೋಜನೆಗಳ ಹೆಸರು, ಕಾಯ್ದೆಯ ವಾಕ್ಯ, ಎಲ್ಲರೂ ಬಳಸುವ ಪಾರಿಭಾಷಿಕ ಪದಗುಚ್ಛ.

ಕರಡಿನ ಸಮಸ್ಯೆ ಒಂದು ಇ-ಮೇಲ್‌ನಲ್ಲಿ ಮುಗಿಯುತ್ತದೆ. ಆ ಕಾಲೇಜಿನ ಗ್ರಂಥಪಾಲಕರಿಂದ 'ಈ ಕಡತ ಇದೇ ಸಂಶೋಧಕಿಯದು' ಎಂದು ಬರೆಸಿಕೊಂಡು, ಅದನ್ನು ಸಂಗ್ರಹದಿಂದ ತೆಗೆಸಿದರೆ ಸಾಕು.

ಲೇಖನದ ಶೇ 21 ಮಾತ್ರ ಸ್ವಲ್ಪ ವಿಚಿತ್ರ ಸನ್ನಿವೇಶ. 2018ರಲ್ಲಿ ನೋಂದಣಿ ಮಾಡಿಸಿಕೊಂಡ ಆಕೆಗೆ ಅನ್ವಯಿಸುತ್ತಿದ್ದ ಯುಜಿಸಿಯ 2016ರ ಪಿಎಚ್‌.ಡಿ ನಿಯಮಾವಳಿ, ಮಹಾಪ್ರಬಂಧ ಸಲ್ಲಿಸುವ ಮೊದಲು ಪರಿಶೀಲಿತ ನಿಯತಕಾಲಿಕದಲ್ಲಿ ಕನಿಷ್ಠ ಒಂದು ಲೇಖನ ಪ್ರಕಟಿಸಲೇಬೇಕು ಎನ್ನುತ್ತಿತ್ತು. (ಈ ಕಡ್ಡಾಯ 2022ರ ನಿಯಮಾವಳಿಯಲ್ಲಿ ಹೋಯಿತು.) ಪಿಎಚ್‌.ಡಿ ಕೆಲಸದಿಂದಲೇ ಲೇಖನ ಬರೆಯಬೇಕು, ಆ ಕೆಲಸವೇ ಮಹಾಪ್ರಬಂಧದಲ್ಲೂ ಇರಬೇಕು. ಒಂದು ನಿಯಮ ಪ್ರಕಟಿಸು ಎಂದು ದೂಡುತ್ತದೆ, ಇನ್ನೊಂದು ನಿಯಮ ಪ್ರಕಟಿಸಿದ್ದನ್ನು ಹಿಡಿದು ನಿಲ್ಲಿಸುತ್ತದೆ. ಎರಡರ ನಡುವೆ ಸಿಕ್ಕಿಕೊಂಡವರು ಮಾಡಬೇಕಾದದ್ದು ಏನೆಂದು ಹೇಳುವವರು ಕಡಿಮೆ.

'ಇಳಿಸಿಕೊಡುತ್ತೇವೆ'

ಸಲಹೆಗಳಿಗೇನೂ ಬರವಿರಲಿಲ್ಲ. ಹಾಸ್ಟೆಲಿನ ಸ್ನೇಹಿತೆಯರು ಪ್ರತಿ ವಾಕ್ಯದಲ್ಲೂ ನಾಲ್ಕು ಪದ ಬದಲಿಸು ಎಂದರು. ವಿಶ್ವವಿದ್ಯಾಲಯದ ಎದುರಿನ ಡಿ.ಟಿ.ಪಿ. ಅಂಗಡಿಯವರು ಪುಟಕ್ಕಿಷ್ಟು ಎಂದು ದರ ಹೇಳಿ, ಶೇ 9ಕ್ಕೆ ಇಳಿಸಿಕೊಡುತ್ತೇವೆ ಎಂದರು. ಈ ಸೇವೆ ಹೇಗೆ ನಡೆಯುತ್ತದೆ ಎಂಬುದನ್ನು ಆ ಪುಟಗಳನ್ನು ಓದಿದವರು ಬಲ್ಲರು. ಕೊಳವೆಬಾವಿ 'ಕೊಳವೆಯಾಕಾರದ ಜಲಮೂಲ'ವಾಗುತ್ತದೆ, ಸರಾಸರಿ 'ಮಧ್ಯಮ ಮೌಲ್ಯ'ವಾಗುತ್ತದೆ. ಸರಾಸರಿಯೂ ಮಧ್ಯಾಂಕವೂ ಬೇರೆ ಬೇರೆ ಎಂದು ತಿಳಿಯದವರು ಮಾಡಿದ ತಿದ್ದುಪಡಿ ಅದು. ಹೋಲಿಕೆಯೂ ಇಳಿಯುತ್ತದೆ, ಅರ್ಥವೂ ಇಳಿಯುತ್ತದೆ.

ಭಾಷೆ ಕೆಡುವುದು ಇದರಲ್ಲಿ ಸಣ್ಣ ಹಾನಿ. ಯುಜಿಸಿ 2020ರ ಏಪ್ರಿಲ್ 20ರಂದು ಸ್ವಕೃತಿಚೌರ್ಯದ ಬಗ್ಗೆ ಪ್ರತ್ಯೇಕ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಅದರಲ್ಲಿ ಶೇಕಡಾವಾರು ಪ್ರಮಾಣದ ಮಾತಿಲ್ಲ. ಯಾವ ಯಾವ ನಡವಳಿಕೆ ಸ್ವಕೃತಿಚೌರ್ಯ ಎಂಬ ಪಟ್ಟಿ ಇದೆ: ಒಮ್ಮೆ ಪ್ರಕಟವಾದದ್ದನ್ನು ಹೇಳದೆ ಮತ್ತೆ ಪ್ರಕಟಿಸುವುದು, ದೊಡ್ಡ ಕೆಲಸವನ್ನು ತುಂಡು ಮಾಡಿ ಪ್ರತಿ ತುಂಡನ್ನೂ ಹೊಸದೆಂದು ತೋರಿಸುವುದು, ಒಮ್ಮೆ ಬಳಸಿದ ದತ್ತಾಂಶವನ್ನು ಹೇಳದೆ ಇನ್ನೊಂದು ಬರಹದಲ್ಲಿ ಬಳಸುವುದು. ಅದೇ ಪಟ್ಟಿಯಲ್ಲಿ, ತನ್ನದೇ ಪ್ರಕಟಿತ ಬರಹವನ್ನು ಮೂಲ ಹೇಳದೆ ಬೇರೆ ಮಾತುಗಳಲ್ಲಿ ಬರೆಯುವುದೂ ಸೇರಿದೆ. ಆದ್ದರಿಂದ ಅಂಗಡಿಯವರು ಮಾರುತ್ತಿದ್ದುದು ತಪ್ಪಿನ ಪರಿಹಾರವನ್ನಲ್ಲ, ತಪ್ಪು ಕಾಣದಂತೆ ಮಾಡುವ ಕೆಲಸವನ್ನು. ಲೇಖನದಿಂದ ಬಂದ ಭಾಗವನ್ನು ಅಕ್ಷರಶಃ ಇಟ್ಟು 'ಇದು ಇಲ್ಲಿಂದ ಬಂದಿದೆ' ಎಂದು ಬರೆದರೆ ಪ್ರಾಮಾಣಿಕತೆ ಉಳಿಯುತ್ತದೆ. ಪದ ಬದಲಿಸಿ ಸುಮ್ಮನಿದ್ದರೆ ಶೇ 9 ಬಂದರೂ ದೋಷ ದೋಷವೇ.

ಕನ್ನಡದಲ್ಲಿ ಬರೆಯುವವರಿಗೆ ಇದರದೇ ಇನ್ನೊಂದು ರೂಪ ಎದುರಾಗುತ್ತದೆ. ಈ ಸಂಶೋಧಕಿ ಕೆರೆಯ ನೀರು ಹಂಚುವ ನೀರಗಂಟಿಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆದಿದ್ದರು, ಅದರ ಎರಡು ಪುಟ ಇಂಗ್ಲಿಷಿಗೆ ತಿರುಗಿ ಮಹಾಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಸೇರಿತ್ತು. ವರದಿಯಲ್ಲಿ ಅದರ ಸುಳಿವೇ ಇಲ್ಲ. ಭಾಷೆ ಬದಲಾದರೆ ತಂತ್ರಾಂಶಕ್ಕೆ ಹಿಡಿಯುವುದು ಕಷ್ಟ. ಮೂಲ ಲೇಖನ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಅಚ್ಚಾಗಿದ್ದರೆ ತಂತ್ರಾಂಶ ಓದುವುದು ಕನ್ನಡವನ್ನೇ ಅಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲನ್ನು. ಆ ಎರಡು ಪುಟಕ್ಕೆ ಒಂದು ಅಡಿಟಿಪ್ಪಣಿ ಸಾಕಾಯಿತು.

ಎಲ್ಲಿಂದ ಬಂತು ಎಂಬ ಪಟ್ಟಿ

ಮಾರ್ಗದರ್ಶಕರು ಒಂದು ಒಳ್ಳೆಯ ಕೆಲಸ ಮಾಡಿದರು. ವರದಿಯನ್ನು ಪಕ್ಕಕ್ಕಿಟ್ಟು, ಮಹಾಪ್ರಬಂಧದಲ್ಲಿ ಹಿಂದೆ ಬೇರೆಡೆ ಬಳಕೆಯಾದದ್ದು ಏನೇನಿದೆಯೋ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತರಲು ಹೇಳಿದರು. ಬರಹ ಮಾತ್ರವಲ್ಲ, ಕೋಷ್ಟಕ, ನಕ್ಷೆ, ಪ್ರಶ್ನಾವಳಿ, ದತ್ತಾಂಶ ಎಲ್ಲವೂ. ಪ್ರತಿಯೊಂದರ ಎದುರು ನಾಲ್ಕು ಸಂಗತಿ ಇರಬೇಕು: ಇಲ್ಲಿ ಯಾವ ಪುಟದಲ್ಲಿದೆ, ಮೊದಲು ಎಲ್ಲಿ ಬಂದಿತ್ತು, ಬರೆದವರು ಯಾರು, ಅದಕ್ಕೆ ಆಗಲೇ ಏನು ಸಿಕ್ಕಿದೆ. ನಾಲ್ಕನೆಯದು ಎಲ್ಲರೂ ಮರೆಯುವ ಪ್ರಶ್ನೆ. ಒಂದು ಬರಹಕ್ಕೆ ಅಂಕ ಸಿಕ್ಕಿರಬಹುದು, ಪದವಿ ಸಿಕ್ಕಿರಬಹುದು, ಪ್ರಕಟಣೆಯ ಲೆಕ್ಕ ಸಿಕ್ಕಿರಬಹುದು, ಏನೂ ಸಿಗದೆಯೂ ಇರಬಹುದು. ಎರಡನೇ ಸಲ ಅದೇ ಸರಕಿಗೆ ಇನ್ನೊಂದು ಪ್ರತಿಫಲ ಕೇಳುತ್ತಿದ್ದೇವೆಯೇ, ಕೇಳುತ್ತಿರುವುದು ಕೊಡುವವರಿಗೆ ಗೊತ್ತಿದೆಯೇ ಎಂಬುದು ಅಲ್ಲಿ ಹೊರಬರುತ್ತದೆ.

ಉದಾಹರಣೆಗೆ, ಎರಡನೇ ಅಧ್ಯಾಯದಲ್ಲಿ ಕೆರೆಗಳ ಇತಿಹಾಸದ ನಾಲ್ಕು ಪುಟಗಳ ಬೇರು ಎಂ.ಎ. ಓದುವಾಗ ಬರೆದ ಒಂದು ನಿಯೋಜಿತ ಪ್ರಬಂಧದಲ್ಲಿತ್ತು. ಅದಕ್ಕೆ ಹಿಂದೆ ಆಂತರಿಕ ಅಂಕ ಸಿಕ್ಕಿತ್ತು, ಎಲ್ಲೂ ಪ್ರಕಟವಾಗಿರಲಿಲ್ಲ, ಈ ಹೊತ್ತಿಗೆ ಬಹಳಷ್ಟು ಬದಲಾಗಿತ್ತು. ಮುನ್ನುಡಿಯಲ್ಲಿ ಒಂದು ಸಾಲು ಸಾಕು. ಅದೇ ಪ್ರಬಂಧವನ್ನು ಎಂ.ಎ. ಹಂತದಲ್ಲೇ ಇನ್ನೊಂದು ಪತ್ರಿಕೆಯ ಆಂತರಿಕ ಅಂಕಕ್ಕೆ ಕೊಟ್ಟಿದ್ದರೆ ಮಾತು ಬೇರೆ. ಆಗ ಬರೆಯುವ ಮೊದಲೇ ಇಬ್ಬರು ಅಧ್ಯಾಪಕರನ್ನೂ ಕೇಳಬೇಕಿತ್ತು, ಏಕೆಂದರೆ ಒಂದೇ ದುಡಿಮೆಗೆ ಎರಡು ಕಡೆ ಅಂಕ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರು, ವಿದ್ಯಾರ್ಥಿಯಲ್ಲ.

ಪಟ್ಟಿ ಐದನೇ ಅಧ್ಯಾಯಕ್ಕೆ ಬಂದಾಗ ಒಂದು ಸಾಲಿನಲ್ಲಿ 'ದತ್ತಾಂಶ: 300 ಮನೆಗಳ ಸಮೀಕ್ಷೆ' ಎಂದು ಬರೆದು ಉಳಿದ ಕಲಂಗಳನ್ನು ಖಾಲಿ ಬಿಟ್ಟಿತ್ತು.

"ಈ ಮುನ್ನೂರು ಮನೆಗಳ ಸಮೀಕ್ಷೆ ಯಾವಾಗಿನಿಂದ ಯಾವಾಗಿನವರೆಗೆ ನಡೆಯಿತಮ್ಮ?" ಎಂದು ಮಾರ್ಗದರ್ಶಕರು ಕೇಳಿದರು.

"ನೂರಾ ಎಂಬತ್ತು 2019–20ರವು ಸರ್. ಉಳಿದ ನೂರಾ ಇಪ್ಪತ್ತು ನನ್ನ ಎಂ.ಫಿಲ್‌ನವು. ಹಳ್ಳಿಗಳು ಅವೇ, ಪ್ರಶ್ನಾವಳಿಯೂ ಅದೇ. ಎಲ್ಲವನ್ನೂ ನಾನೇ ಮನೆಮನೆಗೆ ಹೋಗಿ ತುಂಬಿಸಿಕೊಂಡು ಬಂದದ್ದು."

"ನೀವೇ ತುಂಬಿಸಿದ್ದು ಸರಿ. ಅದನ್ನು ಮಹಾಪ್ರಬಂಧದಲ್ಲಿ ಎಲ್ಲಿ ಹೇಳಿದ್ದೀರಿ?"

ಎಲ್ಲೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದೇನೂ ಇರಲಿಲ್ಲ. 2019ರ ನವೆಂಬರಿನಲ್ಲಿ ಶುರುವಾದ ಸಮೀಕ್ಷೆ 2020ರ ಮಾರ್ಚ್ ಲಾಕ್‌ಡೌನ್‌ಗೆ ನಿಂತುಹೋಗಿತ್ತು. ಸಾರಲೇಖದಲ್ಲಿ 300 ಮನೆ ಎಂದು ಒಪ್ಪಿಕೊಂಡಾಗಿತ್ತು. ಕೈಯಲ್ಲಿ ಎಂ.ಫಿಲ್ ಕಾಲದ 120 ಪ್ರಶ್ನಾವಳಿಗಳಿದ್ದವು. ಎಕ್ಸೆಲ್ ಹಾಳೆಯಲ್ಲಿ ಒಂದರ ಕೆಳಗೆ ಇನ್ನೊಂದನ್ನು ಅಂಟಿಸಿದಾಗ ಲೆಕ್ಕ ಸರಿಹೋಯಿತು. ನನ್ನದೇ ದತ್ತಾಂಶ ತಾನೆ ಎಂಬ ಧೈರ್ಯವೂ ಇತ್ತು.

47 ಯಾವ ವರ್ಷದ ಸಂಖ್ಯೆ?

ಎಂ.ಫಿಲ್ ಸಮೀಕ್ಷೆ ನಡೆದದ್ದು 2016ರ ಬೇಸಿಗೆಯಲ್ಲಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದದ್ದು 2018ರ ಜೂನ್‌ನಲ್ಲಿ. ಅಲ್ಲಿಂದ ಮುಂದಕ್ಕೆ ಒಂದೊಂದೇ ಕೆರೆ ತುಂಬುತ್ತ ಹೋಯಿತು. ಎರಡನೇ ಸಮೀಕ್ಷೆ ಆ ನೀರು ಬಂದ ಮೇಲಿನದು. ಹಳ್ಳಿಗಳು ಅವೇ ಇರಬಹುದು, ಪ್ರಶ್ನಾವಳಿಯೂ ಅದೇ ಇರಬಹುದು, ಕೆರೆ ಮಾತ್ರ ಅದೇ ಅಲ್ಲ.

'ಕಳೆದ ವರ್ಷ ನಿಮ್ಮ ಕೊಳವೆಬಾವಿ ಬತ್ತಿತ್ತೇ?' ಎಂಬ ಪ್ರಶ್ನೆಗೆ 2016ರಲ್ಲಿ 120 ಮನೆಗಳಲ್ಲಿ 78 ಮನೆಯವರು ಹೌದು ಎಂದಿದ್ದರು, ಅಂದರೆ ಶೇ 65. ಎರಡನೇ ಸಮೀಕ್ಷೆಯಲ್ಲಿ 180ರಲ್ಲಿ 63 ಮನೆಯವರು ಹೌದು ಎಂದಿದ್ದರು, ಅಂದರೆ ಶೇ 35. ಮಹಾಪ್ರಬಂಧದ ಕೋಷ್ಟಕದಲ್ಲಿ ಇದ್ದದ್ದು 300ಕ್ಕೆ 141, ಶೇ 47. ಈ 47 ಯಾವ ವರ್ಷದ ಕೋಲಾರದ ಸ್ಥಿತಿ? ಯಾವುದರದ್ದೂ ಅಲ್ಲ. 2016ರಲ್ಲಿ ಪರಿಸ್ಥಿತಿ ಅದಕ್ಕಿಂತ ಬಹಳ ಕೆಟ್ಟದಾಗಿತ್ತು, 2020ರಲ್ಲಿ ಅದಕ್ಕಿಂತ ಸುಧಾರಿಸಿತ್ತು.

ತನ್ನ ಬರಹವನ್ನು ತಾನೇ ಮತ್ತೆ ಬಳಸಿದರೆ ಯಾರಿಗೇನು ನಷ್ಟ ಎಂದು ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಮೂಲವನ್ನು ಹೇಳದೆ ಹೋದಾಗ ಓದುಗರ ಕೈತಪ್ಪುವುದು ಲೇಖಕರ ಹೆಸರಲ್ಲ. ಆ ಮಾಹಿತಿ ಯಾವಾಗ, ಯಾವ ಉದ್ದೇಶಕ್ಕೆ, ಯಾವ ಪರಿಸ್ಥಿತಿಯಲ್ಲಿ ಹುಟ್ಟಿತು ಎಂಬ ಅರಿವು. ಈ ಪ್ರಕರಣದಲ್ಲಿ ಆ ಅರಿವಿಲ್ಲದ ಓದುಗರು ಶೇ 47 ಎಂಬ ಸಂಖ್ಯೆಯನ್ನು ನಂಬಿ ಇನ್ನೊಂದು ಲೇಖನದಲ್ಲಿ ಉಲ್ಲೇಖಿಸುತ್ತಿದ್ದರು.

ತಂತ್ರಾಂಶದ ವರದಿಯಲ್ಲಿ ಇದರ ಪಾಲು ಸೊನ್ನೆ. ಎಂ.ಫಿಲ್ ಪ್ರಬಂಧ ವಿಭಾಗದ ಕಪಾಟಿನಲ್ಲಿ ಕಪ್ಪು ರೆಕ್ಸಿನ್ ಹೊದಿಕೆಯ ಒಂದೇ ಪ್ರತಿಯಾಗಿ ಕುಳಿತಿತ್ತು, ಮಹಾಪ್ರಬಂಧಗಳ ಜಾಲಸಂಗ್ರಹವಾದ ಶೋಧಗಂಗಾದಲ್ಲಾಗಲಿ ಬೇರೆ ಜಾಲತಾಣದಲ್ಲಾಗಲಿ ಇರಲಿಲ್ಲ. ಇದ್ದಿದ್ದರೂ 120 ಸಾಲಿನ ಸಂಖ್ಯೆಗಳು 300ರಲ್ಲಿ ಕರಗಿದ ಮೇಲೆ ಪದ ಹೋಲಿಸುವ ಯಂತ್ರಕ್ಕೆ ಸಿಗುವುದು ಏನೂ ಇಲ್ಲ. ನಿರುಪದ್ರವಿಯಾದ ಕಡೆ ಅದು ಶೇ 21 ಎಂದು ಕೂಗಿತು, ನಿಜವಾದ ತೊಂದರೆ ಇದ್ದ ಕಡೆ ಸುಮ್ಮನಿತ್ತು.

ಸಹಿ ಹಾಕಬೇಕಾದ ಆ ವಾಕ್ಯ

ಪ್ರತಿ ಮಹಾಪ್ರಬಂಧದ ಆರಂಭದಲ್ಲೂ ಘೋಷಣಾ ಪತ್ರ ಇರುತ್ತದೆ. 'ಈ ಮಹಾಪ್ರಬಂಧವನ್ನಾಗಲಿ ಇದರ ಯಾವುದೇ ಭಾಗವನ್ನಾಗಲಿ ಈ ಮೊದಲು ಬೇರೆ ಯಾವುದೇ ಪದವಿಗಾಗಿ ಸಲ್ಲಿಸಿರುವುದಿಲ್ಲ' ಎಂಬ ವಾಕ್ಯವನ್ನು ಹಿಂದಿನವರ ಪ್ರಬಂಧದಿಂದ ನಕಲು ಮಾಡಿ ಹೆಸರು ಬದಲಿಸಿ ಸಹಿ ಹಾಕುವುದು ರೂಢಿ. (ಸ್ವಂತಿಕೆಯ ಘೋಷಣೆಯನ್ನೇ ನಕಲು ಮಾಡುವುದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.) ಎಂ.ಫಿಲ್ ಪದವಿಗೆ ಲೆಕ್ಕವಾದ 120 ಮನೆಗಳ ದತ್ತಾಂಶ ಒಳಗಿರುವಾಗ ಈ ವಾಕ್ಯಕ್ಕೆ ಸಹಿ ಹಾಕಿದರೆ ಅದು ಸುಳ್ಳು. ಪಕ್ಕದ ಪುಟದಲ್ಲಿ ಮಾರ್ಗದರ್ಶಕರ ಪ್ರಮಾಣಪತ್ರವೂ ಅದನ್ನೇ ಹೇಳುವುದರಿಂದ ಅವರ ಸಹಿಯೂ ಸುಳ್ಳಾಗುತ್ತದೆ.

ಹಾಗಾದರೆ ಆ 120 ಮನೆಗಳನ್ನು ಕಿತ್ತುಹಾಕುವುದೇ? ಸಂಶೋಧಕಿ ಮೊದಲು ಹೇಳಿದ್ದು ಅದನ್ನೇ. ಮಾರ್ಗದರ್ಶಕರು ಒಪ್ಪಲಿಲ್ಲ. ಕಿತ್ತುಹಾಕಿದರೆ ಪ್ರಬಂಧ ಶುದ್ಧವಾಗುತ್ತದೆ, ಆದರೆ ಸಂಸ್ಕರಿತ ನೀರು ಬರುವ ಮೊದಲಿನ ಏಕೈಕ ದಾಖಲೆಯನ್ನು ತಾವೇ ಎಸೆದ ಹಾಗೆ. ಅದನ್ನು ಎಂ.ಫಿಲ್‌ನದು ಎಂದು ಹೇಳಿಯೇ ಪಕ್ಕದಲ್ಲಿಟ್ಟರೆ 2016 ಮತ್ತು 2020ರ ಹೋಲಿಕೆ ಸಾಧ್ಯವಾಗುತ್ತದೆ. ಮುಚ್ಚಿಟ್ಟಿದ್ದಾಗ ದೋಷವಾಗಿದ್ದ ದತ್ತಾಂಶ ಹೇಳಿಕೊಂಡಾಗ ಪ್ರಬಂಧದ ಅತ್ಯುತ್ತಮ ಭಾಗವಾಗುವಂತಿತ್ತು. ಹೋಲಿಕೆಗೂ ಮಿತಿಗಳಿದ್ದವು: ಎರಡು ಸಲವೂ ಒಂದೇ ಮನೆಗಳಿಗೆ ಹೋಗಿರಲಿಲ್ಲ, ಊರುಗಳು ಮಾತ್ರ ಒಂದೇ. 2016 ರಾಜ್ಯದಲ್ಲಿ ಬರದ ವರ್ಷ, ಹಾಗಾಗಿ ಶೇ 65ರಿಂದ 35ಕ್ಕೆ ಇಳಿದದ್ದರಲ್ಲಿ ಸಂಸ್ಕರಿತ ನೀರಿನ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಅದನ್ನೂ ಬರೆಯಬೇಕು.

ಸಂಶೋಧಕಿ ಘೋಷಣಾ ಪತ್ರವನ್ನು ಹೀಗೆ ತಿದ್ದಿದರು:

"ಈ ಮಹಾಪ್ರಬಂಧದ ಯಾವುದೇ ಭಾಗವನ್ನು ಬೇರೆ ಪದವಿಗಾಗಿ ಸಲ್ಲಿಸಿಲ್ಲ. ಇದಕ್ಕೆ ಅಪವಾದ, 2016ರಲ್ಲಿ ನನ್ನ ಎಂ.ಫಿಲ್ ಪ್ರಬಂಧಕ್ಕಾಗಿ ನಾನು ಸಂಗ್ರಹಿಸಿದ 120 ಮನೆಗಳ ಸಮೀಕ್ಷೆಯ ದತ್ತಾಂಶ. ಅದನ್ನು 5.4ನೇ ಭಾಗದಲ್ಲಿ ಹೋಲಿಕೆಗಾಗಿ ಮಾತ್ರ, ಮೂಲವನ್ನು ನಮೂದಿಸಿ ಬಳಸಿದ್ದೇನೆ. ಈ ಪದವಿಗಾಗಿ ಹೊಸದಾಗಿ ಸಂಗ್ರಹಿಸಿದ್ದು 2019–20ರ 180 ಮನೆಗಳ ದತ್ತಾಂಶ."

ಮೌಲ್ಯಮಾಪನ ವಿಭಾಗದ ವಿಷಯ ನಿರ್ವಾಹಕರು ನಮೂನೆ ಬದಲಿಸುವಂತಿಲ್ಲ ಎಂದು ಹಿಂದಿರುಗಿಸಿದರು. ನಮೂನೆಯಲ್ಲಿದ್ದಂತೆ ಸಹಿ ಹಾಕಿ, ವಿವರಣೆಯನ್ನು ಅನುಬಂಧದಲ್ಲಿ ಕೊಡಿ ಎಂಬುದು ಅವರ ಸಲಹೆ. ಸುಲಭವಾಗಿ ಕಾಣುವ ಈ ದಾರಿಯನ್ನು ಹಿಡಿಯಬಾರದು ಎಂದೇ ನಾನು ತರಗತಿಯಲ್ಲಿ ವಾದಿಸುವುದು. ಐದನೇ ಪುಟದಲ್ಲಿ ಇಲ್ಲ ಎಂದು ಸಹಿ ಹಾಕಿ 240ನೇ ಪುಟದಲ್ಲಿ ಹೌದು ಎಂದು ಬರೆದರೆ ಮುಂದೆ ಯಾರಾದರೂ ದೂರು ಕೊಟ್ಟಾಗ ಎತ್ತಿ ತೋರಿಸುವುದು ಐದನೇ ಪುಟವನ್ನೇ. ಮಾರ್ಗದರ್ಶಕರು ಸಂಶೋಧನಾ ಸಲಹಾ ಸಮಿತಿಯಲ್ಲಿ ವಿಷಯ ಮಂಡಿಸಿ, ಸಮಿತಿಯ ನಡಾವಳಿಯ ಪ್ರತಿಯೊಂದಿಗೆ ಕುಲಸಚಿವರಿಗೆ (ಮೌಲ್ಯಮಾಪನ) ಪತ್ರ ಬರೆದರು. ತಿದ್ದಿದ ಘೋಷಣೆಗೆ ಒಪ್ಪಿಗೆ ಬಂತು. ಸಾರಲೇಖದಲ್ಲಿದ್ದ 300ರ ಬದಲು 180 ಎಂಬ ಮಾದರಿ ಗಾತ್ರವನ್ನೂ ಲಾಕ್‌ಡೌನ್ ಕಾರಣ ನಮೂದಿಸಿ ಸಮಿತಿ ಅದೇ ನಡಾವಳಿಯಲ್ಲಿ ದಾಖಲಿಸಿತು. ಐದನೇ ಅಧ್ಯಾಯದ ಎಲ್ಲ ಕೋಷ್ಟಕಗಳನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಯಿತು. 300ರಲ್ಲಿ ಸಂಖ್ಯಾಶಾಸ್ತ್ರೀಯವಾಗಿ ಅರ್ಥಪೂರ್ಣವಾಗಿದ್ದ ಎರಡು ವ್ಯತ್ಯಾಸಗಳು 180ರಲ್ಲಿ ಹಾಗೆ ಉಳಿಯಲಿಲ್ಲ, ಅವುಗಳ ಮೇಲೆ ಕಟ್ಟಿದ್ದ ಒಂದು ತೀರ್ಮಾನ ಬಿದ್ದುಹೋಯಿತು.

ಲೇಖನದ ಭಾಗಕ್ಕೆ ಏನು ಬರೆದರು

ಅಧ್ಯಾಯದ ಮೊದಲ ಕರಡಿನಲ್ಲಿ 'ಈ ಪ್ರಬಂಧದ ಕೆಲವು ಭಾಗಗಳು ಈಗಾಗಲೇ ಪ್ರಕಟವಾಗಿವೆ' ಎಂಬ ಸಾಲಿತ್ತು. ಇಂಥ ಸಾಲು ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು. ಯಾವ ಭಾಗ, ಎಲ್ಲಿ, ಎಷ್ಟು, ಯಾರೊಂದಿಗೆ ಎಂಬ ಒಂದೂ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಆದರೆ ಹೇಳಿದ್ದೇವೆ ಎಂಬ ಸಮಾಧಾನ ಮಾತ್ರ ಇದೆ. ಕೊನೆಗೆ ಐದನೇ ಅಧ್ಯಾಯದ ತಲೆಯಲ್ಲಿ ಉಳಿದದ್ದು ಇದು:

"5.2 ಮತ್ತು 5.3ನೇ ಭಾಗಗಳ ಬರವಣಿಗೆ ಮಾರ್ಗದರ್ಶಕರೊಂದಿಗೆ ಸೇರಿ 2021ರಲ್ಲಿ ಪ್ರಕಟಿಸಿದ ಲೇಖನದಿಂದ ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಬಂದಿದೆ. ಕ್ಷೇತ್ರಕಾರ್ಯ, ವಿಶ್ಲೇಷಣೆ ಮತ್ತು ಮೊದಲ ಕರಡು ನನ್ನವು, ಲೇಖನದ ಪರಿಷ್ಕರಣೆಯಲ್ಲಿ ಮಾರ್ಗದರ್ಶಕರು ಭಾಗವಹಿಸಿದ್ದಾರೆ. ಕೋಷ್ಟಕಗಳನ್ನು 180 ಮನೆಗಳಿಗೆ ಸೀಮಿತಗೊಳಿಸಿ ಮತ್ತೆ ಲೆಕ್ಕ ಹಾಕಲಾಗಿದೆ, ಆದ್ದರಿಂದ ಲೇಖನದ ಸಂಖ್ಯೆಗಳಿಗಿಂತ ಭಿನ್ನವಾಗಿವೆ. 5.4 ಮತ್ತು 5.5 ಹೊಸ ಬರವಣಿಗೆ."

ತನ್ನ ವಾಕ್ಯಗಳಿಗೇ ಉದ್ಧರಣ ಚಿಹ್ನೆ ಹಾಕಬೇಕೇ ಎಂದು ಹಲವರು ಕೇಳುತ್ತಾರೆ. ಹದಿನೆಂಟು ಪುಟವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಓದುವವರಿಗೆ ಹಿಂಸೆ, ಉಪಯೋಗವೂ ಇಲ್ಲ. ಎಲ್ಲಿಂದ ಎಲ್ಲಿಯವರೆಗೆ ಹಳೆಯದು ಎಂದು ತಲೆಟಿಪ್ಪಣಿ ಸ್ಪಷ್ಟವಾಗಿ ಹೇಳಿದರೆ ಸಾಕು. ತೀರ್ಮಾನದ ಅಧ್ಯಾಯಕ್ಕೆ ಮಾತ್ರ ಈ ಸಡಿಲಿಕೆ ಬೇಡ. ಸಾರಾಂಶ, ಫಲಿತಾಂಶ, ತೀರ್ಮಾನಗಳಲ್ಲಿ ಹೋಲಿಕೆ ಇರಬಾರದು ಎಂದು 2018ರ ನಿಯಮಾವಳಿಯೇ ಹೇಳುವುದರಿಂದ ಅಲ್ಲಿ ಲೇಖನದ ಸಾಲುಗಳನ್ನು ತೆಗೆದು ಹೊಸದಾಗಿ ಬರೆದರು. ಪ್ರಕಾಶಕರಿಗೆ ಹಕ್ಕು ವರ್ಗಾಯಿಸಿದ್ದರಿಂದ ಅವರ ಲಿಖಿತ ಅನುಮತಿಯನ್ನೂ ತರಿಸಿಕೊಂಡರು. ಮಹಾಪ್ರಬಂಧ ಶೋಧಗಂಗಾದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟವಾಗುವುದರಿಂದ ಇದನ್ನು ಔಪಚಾರಿಕತೆ ಎಂದು ಬಿಡುವಂತಿಲ್ಲ.

ಮಾರ್ಗದರ್ಶಕರ ಪ್ರಮಾಣಪತ್ರದ ಆಧಾರದಲ್ಲಿ ಗ್ರಂಥಾಲಯ ಸ್ವಂತ ಲೇಖನವನ್ನೂ ಹಳೆಯ ಕರಡನ್ನೂ ಹೊರತುಪಡಿಸಿ ಇನ್ನೊಮ್ಮೆ ಪರೀಕ್ಷಿಸಿತು, ಶೇ 7 ಬಂತು. ಹೀಗೆ ಹೊರತುಪಡಿಸುವ ಕ್ರಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗುವುದರಿಂದ ಮೊದಲೇ ವಿಚಾರಿಸಬೇಕು. ಸಂಶೋಧಕಿ ಶೇ 7ರ ವರದಿಯ ಜೊತೆಗೆ ಶೇ 34ರದನ್ನೂ ಲಗತ್ತಿಸಿದರು. 7 ಮಾತ್ರ ಇದ್ದಿದ್ದರೆ ಅದು ಹೇಗೆ 7 ಆಯಿತು ಎಂಬುದು ಪರೀಕ್ಷಕರಿಗೆ ತಿಳಿಯುತ್ತಿರಲಿಲ್ಲ.

ಸಂಪಾದಕರಿಗೆ ಪತ್ರ

ಮಹಾಪ್ರಬಂಧ ಸರಿಹೋಯಿತು, ಆದರೆ 2021ರ ಲೇಖನ ಹಾಗೆಯೇ ಉಳಿದಿತ್ತು. ಅದರ ಮೂರನೇ ಕೋಷ್ಟಕದಲ್ಲಿ ಅದೇ 300 ಮನೆ, ಅದೇ ಶೇ 47. ವಿಧಾನದ ಭಾಗದಲ್ಲಿ '2019–20ರಲ್ಲಿ ಸಮೀಕ್ಷೆ ನಡೆಸಲಾಯಿತು' ಎಂಬ ವಾಕ್ಯ. ಮಹಾಪ್ರಬಂಧದಲ್ಲಿ ಒಂದು ಸಂಖ್ಯೆ, ಲೇಖನದಲ್ಲಿ ಇನ್ನೊಂದು. ಎರಡರ ಮೇಲೂ ಮಾರ್ಗದರ್ಶಕರ ಹೆಸರಿದೆ.

ಇಲ್ಲಿ ಮಾರ್ಗದರ್ಶಕರು ಹಿಂಜರಿದರು. ಸಂಶೋಧಕಿಗೆ ಪಟ್ಟಿ ಬರೆಸುವಾಗ ಇದ್ದ ನಿಷ್ಠುರತೆ ತಮ್ಮ ಪ್ರಕಟಣೆಯ ವಿಷಯ ಬಂದಾಗ ಕೊಂಚ ಕಡಿಮೆಯಾಯಿತು. ವೈವಾ ಮುಗಿಯಲಿ, ಆಮೇಲೆ ನೋಡೋಣ ಎಂದರು. ಅವರ ಭಯ ಅರ್ಥವಾಗದ್ದೇನಲ್ಲ. ಲೇಖನವನ್ನು ಹಿಂಪಡೆದರು ಎಂಬ ಮಾತು ನಮ್ಮ ಕಡೆ ಕೃತಿಚೌರ್ಯ ಮಾಡಿ ಸಿಕ್ಕಿಬಿದ್ದರು ಎಂದೇ ಹರಡುತ್ತದೆ. ಆದರೆ ಪ್ರಕಟಣಾ ನೀತಿಯ ಅಂತರರಾಷ್ಟ್ರೀಯ ಸಮಿತಿಯಾದ ಕೋಪ್‌ನ ಮಾರ್ಗಸೂಚಿ ಹಿಂಪಡೆಯುವುದನ್ನೂ ತಿದ್ದುಪಡಿಯನ್ನೂ ಬೇರೆ ಬೇರೆಯಾಗಿಡುತ್ತದೆ. ಫಲಿತಾಂಶಗಳನ್ನೇ ನಂಬಲಾಗದಿದ್ದರೆ ಹಿಂಪಡೆಯಬೇಕು. ನಂಬಬಹುದಾದ ಲೇಖನದ ಸಣ್ಣ ಭಾಗ ಮಾತ್ರ ದಾರಿ ತಪ್ಪಿಸುವಂತಿದ್ದರೆ ತಿದ್ದುಪಡಿ ಸಾಕು. ಈ ಲೇಖನದ ಐದು ಕೋಷ್ಟಕಗಳಲ್ಲಿ ಸಮೀಕ್ಷೆಯ ದತ್ತಾಂಶ ಇದ್ದದ್ದು ಒಂದರಲ್ಲಿ. ಉಳಿದವು ಅಂತರ್ಜಲ ಇಲಾಖೆಯ ಅಂಕಿಗಳು. ವೈವಾಗೆ ಕಾಯುವುದರಲ್ಲಿ ಇನ್ನೊಂದು ಅಪಾಯವೂ ಇತ್ತು. ತಲೆಟಿಪ್ಪಣಿಯಲ್ಲಿ ಸಂಖ್ಯೆಗಳು ಭಿನ್ನವಾಗಿವೆ ಎಂದು ತಾವೇ ಬರೆದ ಮೇಲೆ ಬಾಹ್ಯ ಪರೀಕ್ಷಕರು ಮೊದಲು ಕೇಳುವುದು ಏಕೆ ಎಂದು.

ಪತ್ರ ಹೋದದ್ದು ಮಹಾಪ್ರಬಂಧ ಸಲ್ಲಿಸುವ ಮೊದಲು, ಇಬ್ಬರ ಸಹಿಯೊಂದಿಗೆ:

"ನಮ್ಮ ಲೇಖನದ ಮೂರನೇ ಕೋಷ್ಟಕದ 300 ಮನೆಗಳಲ್ಲಿ 120 ಮನೆಗಳ ದತ್ತಾಂಶ ಮೊದಲ ಲೇಖಕಿಯ 2016ರ ಎಂ.ಫಿಲ್ ಪ್ರಬಂಧದ್ದು. ಇದನ್ನು ನಾವು ನಮೂದಿಸಿರಲಿಲ್ಲ, ಸಮೀಕ್ಷೆಯ ಅವಧಿಯನ್ನೂ ತಪ್ಪಾಗಿ ಕೊಟ್ಟಿದ್ದೇವೆ. ಎರಡೂ ವರ್ಷಗಳನ್ನು ಬೇರ್ಪಡಿಸಿದ ಕೋಷ್ಟಕ ಮತ್ತು ಬದಲಾಗುವ ವಾಕ್ಯಗಳನ್ನು ಲಗತ್ತಿಸಿದ್ದೇವೆ. ಲೇಖನದ ಎರಡನೇ ತೀರ್ಮಾನ ಇನ್ನು ನಿಲ್ಲುವುದಿಲ್ಲ, ಮೊದಲ ಮತ್ತು ಮೂರನೆಯವು ಈ ದತ್ತಾಂಶವನ್ನು ಅವಲಂಬಿಸಿಲ್ಲ."

'ಕಣ್ತಪ್ಪಿನಿಂದ' ಎಂಬ ಪದ ಮೊದಲ ಕರಡಿನಲ್ಲಿತ್ತು, ಸಂಶೋಧಕಿ ಅದನ್ನು ತೆಗೆದರು. 120 ಸಾಲುಗಳನ್ನು ಅಂಟಿಸುವುದು ಕಣ್ತಪ್ಪಿನಿಂದ ಆಗುವ ಕೆಲಸವಲ್ಲ.

ಸಂಪಾದಕರು ಮೂಲ ಪ್ರಶ್ನಾವಳಿಗಳ ದಿನಾಂಕವಿರುವ ಪುಟಗಳ ಪ್ರತಿ ಕೇಳಿದರು, ಲೇಖನವನ್ನು ಮತ್ತೊಮ್ಮೆ ಒಬ್ಬ ವಿಮರ್ಶಕರಿಗೆ ಕಳುಹಿಸಿದರು. ಮುಂದಿನ ಸಂಚಿಕೆಯೊಂದರಲ್ಲಿ ಒಂದು ಪುಟದ ತಿದ್ದುಪಡಿ ಬಂತು, ಜಾಲತಾಣದಲ್ಲಿ ಮೂಲ ಲೇಖನದ ಶೀರ್ಷಿಕೆಯ ಕೆಳಗೆ ಅದರ ಕೊಂಡಿ ಸೇರಿತು. ಮಹಾಪ್ರಬಂಧದ ಪ್ರಕಟಣೆಗಳ ಪಟ್ಟಿಯಲ್ಲಿ ಸಂಶೋಧಕಿ ಲೇಖನದ ಕೆಳಗೆ ತಿದ್ದುಪಡಿಯನ್ನೂ ನಮೂದಿಸಿದರು, ಆದರೆ ಅದಕ್ಕೆ ಪ್ರತ್ಯೇಕ ಕ್ರಮಸಂಖ್ಯೆ ಕೊಡಲಿಲ್ಲ. ವೈವಾದಲ್ಲಿ ಬಾಹ್ಯ ಪರೀಕ್ಷಕರು ಈ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: 2016ರ ಸಮೀಕ್ಷೆಯ ಮನೆಗಳಲ್ಲಿ ಎಷ್ಟನ್ನು ಈಗಲೂ ಗುರುತಿಸಿ ಮತ್ತೆ ಹೋಗಬಹುದು? ವಿಳಾಸ ಸ್ಪಷ್ಟವಾಗಿದ್ದವು 86.